ರೈಜೆನ್ 5 5600ಜಿ: ಕಾರ್ಡ್ ಬೇಡ, ರ‍್ಯಾಮ್ ಮಾತ್ರ ಜೋಡಿಯಾಗಿರಲಿ

ಗ್ರಾಫಿಕ್ಸ್ ಕಾರ್ಡಿಗೆ ದುಡ್ಡಿಲ್ಲದವರು ಈ ಪ್ರೊಸೆಸರ್ ತಗೊಳ್ಳಿ ಅಂತ ಎಲ್ಲರೂ ಹೇಳ್ತಾರೆ. ಅದಕ್ಕೆ ಎಂಥ ರ‍್ಯಾಮ್ ಬೇಕು ಅನ್ನೋದನ್ನ ಮಾತ್ರ ಯಾರೂ ಒತ್ತಿ ಹೇಳಲ್ಲ. ನಾನು ವಿಜಯಪುರದ ಒಂದು ಅಂಗಡಿಯಲ್ಲಿ ಜೋಡಿಸಿಕೊಂಡ ಪಿಸಿಯಲ್ಲಿ 16 ಜಿಬಿಯ ಒಂದೇ ಸ್ಟಿಕ್ ಇತ್ತು. ಕೇಳಿದರೆ, "ಎರಡು ಎಂಟು ಹಾಕಿದ್ರೂ ಹದಿನಾರ, ಒಂದು ಹದಿನಾರು ಹಾಕಿದ್ರೂ ಹದಿನಾರ ಅಲ್ಲೇನ್ರಿ" ಅಂದ.

ಲೆಕ್ಕ ಹಾಗಲ್ಲ. ಕಾರ್ಡಿಗೆ ಅದರದೇ ಮೆಮೊರಿ ಇರುತ್ತದೆ. ಇದರೊಳಗಿನ ವೇಗಾ ಗ್ರಾಫಿಕ್ಸಿಗೆ ಸ್ವಂತದ್ದೇನೂ ಇಲ್ಲ, ಪ್ರೊಸೆಸರ್ ಜೊತೆ ಅದೇ ರ‍್ಯಾಮನ್ನ ಹಂಚಿಕೊಳ್ಳಬೇಕು. ಒಂದು ಸ್ಟಿಕ್ ಒಂದು ಸಲಕ್ಕೆ 8 ಬೈಟ್ ಸಾಗಿಸುತ್ತೆ. ನನ್ನದು 2400 ವೇಗದಲ್ಲಿ ಓಡುತ್ತಿತ್ತು, ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 19.2 ಜಿಬಿ. ಎರಡು ಸ್ಟಿಕ್ 3200ರಲ್ಲಿ ಓಡಿದರೆ 51.2 ಜಿಬಿ. ಜಿಟಿಎ 5 ಯಾಕೆ ಊರೊಳಗೆ ಕಾರು ಹೊಕ್ಕ ಕೂಡಲೇ ತಡವರಿಸುತ್ತಿತ್ತು ಅಂತ ಆಮೇಲೆ ತಿಳೀತು.

ನಿಮ್ಮದು ಹೇಗಿದೆ ಅಂತ ನೋಡೋದು ಸುಲಭ. Task Manager ತೆರೆದು Performance, ಅದರಲ್ಲಿ Memory ಒತ್ತಿ. Speed ಎದುರು 3200, Slots used ಎದುರು 2 ಇರಬೇಕು. ಸಿಪಿಯು-ಝಡ್‌ನಲ್ಲಿ 1600 ಕಂಡರೆ ಗಾಬರಿ ಬೇಡ, ಅದು ಅರ್ಧ ತೋರಿಸುತ್ತೆ. ಡಬ್ಬದ ಮೇಲೆ 3200 ಅಂತ ಇದ್ದರೂ ಬಯಾಸ್‌ನಲ್ಲಿ XMP ಆನ್ ಮಾಡದಿದ್ದರೆ ರ‍್ಯಾಮ್ ಕಡಿಮೆ ವೇಗದಲ್ಲೇ ಉಳಿಯಬಹುದು. ನನ್ನದು ಹಾಗೇ ಉಳಿದಿತ್ತು. ನಾಲ್ಕು ಸ್ಲಾಟಿನ ಬೋರ್ಡಾದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು, ನಾಲ್ಕನೆಯದು ಜೋಡಿ. ಮೊದಲ ಎರಡರಲ್ಲೋ ಕೊನೆಯ ಎರಡರಲ್ಲೋ ಹಾಕಿದರೆ ಮತ್ತೆ ಒಂಟಿಯೇ.

ತಕರಾರು ಮಾಡಿ, ಆ ಸ್ಟಿಕ್ ವಾಪಸ್ ಕೊಟ್ಟು 8ರ ಜೋಡಿ ಹಾಕಿಸಿಕೊಂಡೆ. ಅಲ್ಲಿಂದ ಸಿಟ್ಟೂ ಇಳೀತು. ರಾತ್ರಿ ಊಟ ಆಗಿ, ಮನೆಯವರೆಲ್ಲ ಮಲಗಿದ ಮೇಲೆ ಹೆಡ್‌ಫೋನ್ ಹಾಕಿ ವ್ಯಾಲರಂಟ್ ಒಂದು ಮ್ಯಾಚ್, ನಡುವೆ ತಟ್ಟೆಯಲ್ಲಿ ಉಳಿದ ಶೇಂಗಾ. ಈಗ ಮೌಸ್ ತಿರುಗಿಸಿದಾಗ ಚಿತ್ರ ಕೈಯ ಹಿಂದೆಯೇ ಬರುತ್ತೆ. ಜಿಟಿಎಯನ್ನೂ ಸೆಟ್ಟಿಂಗ್ ಇಳಿಸಿ 1080ಪಿಯಲ್ಲೇ ಆಡ್ತೀನಿ. ಕರೆಂಟ್ ಹೋದರೂ ಸಣ್ಣ ಯುಪಿಎಸ್ ಮೇಲೆ ಮ್ಯಾಚ್ ಮುಗಿಸುವಷ್ಟು ಸಮಯ ಸಿಗುತ್ತೆ, ಕಾರ್ಡ್ ಇದ್ದಿದ್ದರೆ ಈ ಸುಖ ಇರ್ತಿರಲಿಲ್ಲ. ಏಪ್ರಿಲ್ ಬಿಸಿಲಲ್ಲಿ ಜೊತೆಗೆ ಬಂದ ಫ್ಯಾನ್ ಗುಂಯ್‌ಗುಡುತ್ತೆ, ಹೆಡ್‌ಫೋನ್ ಇದ್ದರೆ ಕೇಳಲ್ಲ.

ಗ್ರಾಫಿಕ್ಸಿಗೆ ಬಯಾಸ್‌ನಲ್ಲಿ 2 ಜಿಬಿ ಎತ್ತಿಟ್ಟಿದ್ದೇನೆ, ಹಾಗಾಗಿ ವಿಂಡೋಸಿಗೆ ಉಳಿಯೋದು 14ರ ಹತ್ತಿರ. ಒಟ್ಟು 8 ಜಿಬಿಯಲ್ಲಿ ಮುಗಿಸ್ತೀನಿ ಅನ್ನುವವರು ಇದನ್ನ ನೆನಪಿಡಿ.

ಬಾಗಲಕೋಟೆಯ ನಮ್ಮ ಅತ್ತೆಯ ಮಗನೂ ಇದನ್ನೇ ತಗೊಳ್ತೀನಿ ಅಂದಾಗ ಬೇಡ ಅಂದೆ. ಅವನು ದೀಪಾವಳಿಗೆ ಕಾರ್ಡ್ ಹಾಕುವವನು. ಇದರಲ್ಲಿ ಎಲ್3 ಕ್ಯಾಶ್ 16 ಎಂಬಿ, ಬರೀ 5600ರಲ್ಲಿ 32. ಕಾರ್ಡಿನ ದಾರಿಯೂ ಪಿಸಿಐಇ 3.0ಕ್ಕೇ ನಿಲ್ಲುತ್ತೆ, ಅದರಲ್ಲಿ 4.0. ಅವನು ಹಬ್ಬದ ತನಕ ಕಾದು 5600 ಮತ್ತು ಕಾರ್ಡ್ ಒಟ್ಟಿಗೆ ತರಲಿ. ನನ್ನ ಬಜೆಟ್ಟಿಗೆ ಇನ್ನೆರಡು ವರ್ಷ ಇದೇ ಸಾಕು.