ಎರಡು ವರ್ಷ ಬಳಸಿದ ಬ್ಲೂಟೂತ್ ಹೆಡ್‌ಫೋನ್: ಹಾಡಿಗೆ ಸೊಗಸು, ಆಟಕ್ಕೆ ತಡ

ಈ ಹೆಡ್‌ಫೋನ್ ಎರಡು ವರ್ಷಗಳಿಂದ ದಿನಕ್ಕೆ ನಾಲ್ಕೈದು ಗಂಟೆ ನನ್ನ ಕಿವಿಯ ಮೇಲಿದೆ. ಹಾಡು ಕೇಳಲು ಬಹಳ ಚೆನ್ನಾಗಿದೆ, ಬ್ಯಾಟರಿಯೂ ಸೊರಗಿಲ್ಲ. ಬೇಸರ ಶುರುವಾದದ್ದು ಮಗಳು ಅದನ್ನು ಹಾಕಿಕೊಂಡು ಮೊಬೈಲ್‌ನಲ್ಲಿ ಕ್ರಿಕೆಟ್ ಆಡಿದ ದಿನ. ಚೆಂಡು ಬ್ಯಾಟನ್ನು ಬಿಟ್ಟು ಹೊರಟ ಮೇಲೆ ‘ಟಕ್’ ಎಂಬ ಸದ್ದು ಬರುತ್ತಿತ್ತು. ಯೂಟ್ಯೂಬ್‌ನಲ್ಲಿ ಮಾತ್ರ ತುಟಿಗೂ ಮಾತಿಗೂ ಹೊಂದಿಕೆ ಇತ್ತು. ಸದ್ದು ಎಷ್ಟು ತಡ ಎಂದು ತಿಳಿದು ವಿಡಿಯೊ ಪ್ಲೇಯರ್ ಚಿತ್ರವನ್ನೂ ಅಷ್ಟೇ ತಡೆದು ತೋರಿಸಬಲ್ಲದು. ಬೆರಳು ಮುಟ್ಟಿದ ಕ್ಷಣವೇ ಉತ್ತರಿಸಬೇಕಾದ ಆಟಕ್ಕೆ ಆ ಉಪಾಯವಿಲ್ಲ.

ನಾನು ಅಳೆದು ನೋಡಿದೆ. ಇನ್ನೊಂದು ಮೊಬೈಲ್‌ನ ಮೈಕ್‌ಗೆ ಹೆಡ್‌ಫೋನ್ ಒತ್ತಿಟ್ಟು, ಸೆಕೆಂಡಿಗೆ 60 ಚೌಕಟ್ಟುಗಳ ವಿಡಿಯೊ ತೆಗೆದು, ಬೆರಳು ಪರದೆ ಮುಟ್ಟಿದ್ದರಿಂದ ಸದ್ದು ಬರುವವರೆಗಿನ ಚೌಕಟ್ಟುಗಳನ್ನು ಎಣಿಸಿದೆ. ವೈರ್ ಹಾಕಿದಾಗ 5. ಬ್ಲೂಟೂತ್‌ನಲ್ಲಿ ಸದ್ದನ್ನು ಕುಗ್ಗಿಸಿ ಸಾಗಿಸುವ ವಿಧಾನಕ್ಕೆ ಕೋಡೆಕ್ ಎನ್ನುತ್ತಾರೆ. ಮೊಬೈಲ್‌ನ ಡೆವಲಪರ್ ಆಯ್ಕೆಗಳಲ್ಲಿರುವ Bluetooth Audio Codec ಪಟ್ಟಿಯಲ್ಲಿ LDAC ಎಂಬ ಕೋಡೆಕ್ ಆರಿಸಿದಾಗ 20, SBC ಆರಿಸಿದಾಗ 17. ವೈರಿನ 5ನ್ನು ಕಳೆದರೆ ಬ್ಲೂಟೂತ್‌ನಿಂದಾದ ತಡ ಕ್ರಮವಾಗಿ 250 ಮತ್ತು 200 ಮಿಲಿಸೆಕೆಂಡ್. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಮುದ್ರಿಸಿದ್ದ LDAC ಹೆಸರನ್ನು ನೋಡಿ ಕೊಂಡವನು ನಾನು. ಅದು ಹೆಚ್ಚು ವಿವರವುಳ್ಳ ಧ್ವನಿಯನ್ನು ಸಾಗಿಸುವ ಕೋಡೆಕ್, ಬೇಗ ಸಾಗಿಸುವುದಲ್ಲ. ನಡುವೆ ಸಂಕೇತ ಕಡಿದರೂ ಹಾಡು ನಿಲ್ಲದಿರಲೆಂದು ಹೆಡ್‌ಫೋನ್ ಸ್ವಲ್ಪ ಸದ್ದನ್ನು ಮುಂಚಿತವಾಗಿ ಕೂಡಿಟ್ಟುಕೊಳ್ಳುತ್ತದೆ. ತಡದ ದೊಡ್ಡ ಪಾಲು ಅಲ್ಲಿಯದು. ಗೇಮ್ ಮೋಡ್ ಆ ದಾಸ್ತಾನನ್ನು ಕುಗ್ಗಿಸುತ್ತದೆ. ಆಗ ತಡ 100 ಮಿಲಿಸೆಕೆಂಡಿಗೆ ಇಳಿಯಿತು, ಆದರೆ ಮೊಬೈಲ್ ಪಕ್ಕದ ಕೋಣೆಯಲ್ಲಿದ್ದರೆ ಸದ್ದು ತುಂಡು ತುಂಡಾಯಿತು. ಇನ್ನೂ ವೇಗದ aptX Low Latency ಕೋಡೆಕ್ ಬೇಕೆಂದರೆ ಮೊಬೈಲ್ ಮತ್ತು ಹೆಡ್‌ಫೋನ್ ಎರಡರಲ್ಲೂ ಅದು ಇರಬೇಕು.

ವಿಡಿಯೊ ಕರೆಯ ಕಥೆ ಬೇರೆ. ಲ್ಯಾಪ್‌ಟಾಪ್‌ನಲ್ಲಿ ಸಭೆಗೆ ಸೇರಿದೊಡನೆ ಧ್ವನಿ ಹಳೆಯ ದೂರವಾಣಿಯಂತೆ ತೆಳ್ಳಗಾಗುತ್ತಿತ್ತು. ಹೆಡ್‌ಫೋನ್ ಕೆಟ್ಟಿತೆಂದೇ ತಿಳಿದು ಸರ್ವಿಸ್ ಕೇಂದ್ರಕ್ಕೂ ಹೋಗಿ ಬಂದೆ. ನಿಜವಾಗಿ ಆಗುತ್ತಿದ್ದದ್ದು ಇಷ್ಟು: ಹೆಡ್‌ಫೋನ್‌ನ ಮೈಕ್ ತೆರೆದಾಗ ಬ್ಲೂಟೂತ್ ಹಾಡಿನ ದಾರಿಯನ್ನು ಬಿಟ್ಟು ಕರೆಯ ದಾರಿಗೆ ಹೊರಳುತ್ತದೆ. ಅಲ್ಲಿ ಎರಡೂ ಕಿವಿಗೆ ಒಂದೇ ಧ್ವನಿ, ವಿವರವೂ ಕಡಿಮೆ. ಆದರೆ ಕೂಡಿಡುವುದು ಕಡಿಮೆಯಾದ್ದರಿಂದ ಮಾತು ಬೇಗ ತಲುಪುತ್ತದೆ. ಲ್ಯಾಪ್‌ಟಾಪ್‌ನದೇ ಮೈಕ್ ಆರಿಸಿದರೆ ಧ್ವನಿ ತುಂಬಿ ಬರುತ್ತದೆ, ಜೊತೆಗೆ ತಡವೂ ಮರಳುತ್ತದೆ. ಹಾಗೆ ಮಾಡಿದ ವಾರವೆಲ್ಲ ನಾನೂ ಸಹೋದ್ಯೋಗಿಗಳೂ ಪದೇ ಪದೇ ಒಟ್ಟಿಗೆ ಮಾತು ಶುರುಮಾಡಿ ಒಟ್ಟಿಗೆ ನಿಲ್ಲಿಸುತ್ತಿದ್ದೆವು. ಈಗ ಉಪನ್ಯಾಸ ಕೇಳುವಾಗ ಲ್ಯಾಪ್‌ಟಾಪ್ ಮೈಕ್, ಚರ್ಚೆಯಿದ್ದರೆ ಹೆಡ್‌ಫೋನ್ ಮೈಕ್.

ಹಾಡಿಗಾಗಿ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಆಟಕ್ಕೆ ಎರಡು. ಆ ಎರಡೂ ಇದರಲ್ಲಿರುವ 3.5 ಮಿ.ಮೀ. ಜಾಕ್‌ಗೆ ಸಲ್ಲಬೇಕು: ಮಗಳು ಈಗ ವೈರ್ ಸಿಕ್ಕಿಸಿಯೇ ಬ್ಯಾಟಿಂಗ್‌ಗೆ ಇಳಿಯುತ್ತಾಳೆ.