ನಾಲ್ಕು ವರ್ಷ ಬಳಸಿದ ಟ್ರೆಕ್ಕಿಂಗ್ ಪೋಲ್: ಇಳಿಜಾರಿನಲ್ಲಿ ಹೇಗಿದೆ?

ಕುಮಾರ ಪರ್ವತದ ತುದಿ 1712 ಮೀಟರ್. ಹತ್ತುವುದು ಹೇಗೋ ಆಗುತ್ತದೆ. ಶೇಷ ಪರ್ವತ, ಭಟ್ಟರ ಮನೆ ದಾಟಿ, ಕಾಡಿನೊಳಗೆ ಬೇರು, ಕಲ್ಲು ತುಳಿದು ಕುಕ್ಕೆಗೆ ಇಳಿಯುವಾಗಲೇ ಮಂಡಿ ಸೋಲುವುದು. ಮೊದಲ ಸಲ ಇಳಿದು ಬಂದ ಮೇಲೆ ಎರಡು ದಿನ ಮನೆಯ ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಾಯಿತು. ಆಮೇಲೆ ತಗೊಂಡಿದ್ದು ಈ ಜೋಡಿ. ಅಲ್ಯೂಮಿನಿಯಂ, ಮೂರು ತುಂಡಿನದು, ಕ್ಲಿಪ್ ಲಾಕ್.

ಮುಖ್ಯ ವಿಷಯ ಉದ್ದ. ಸಮತಟ್ಟಿನಲ್ಲಿ ತುದಿ ಪಾದದ ಪಕ್ಕ ಊರಿದಾಗ ಮೊಣಕೈ ಸರಿಯಾಗಿ 90 ಡಿಗ್ರಿ ಬಾಗಬೇಕು. ನನ್ನ ಎತ್ತರ 170 ಸೆಂಟಿಮೀಟರ್, ನನಗೆ ಇದು 115ಕ್ಕೆ ಬರುತ್ತದೆ. ಶೇಷ ಪರ್ವತದ ಇಳಿಜಾರು ಶುರುವಾಗುವ ಮುಂಚೆ ನಿಂತು 125ಕ್ಕೆ ಏರಿಸುತ್ತೇನೆ. ಕೆಳಗಿನ ಮೆಟ್ಟಿಲು ಒಂದು ಅಡಿ ತಗ್ಗಿನಲ್ಲಿರುತ್ತದೆ ಅಲ್ವಾ? ಕೋಲು ಗಿಡ್ಡವಾಗಿದ್ದರೆ ಅದನ್ನು ಮುಟ್ಟಿಸಲು ಸೊಂಟ ಬಾಗಿ ಮೈಭಾರವೆಲ್ಲ ಮುಂದಕ್ಕೆ ಬೀಳುತ್ತದೆ. ಮುಗ್ಗರಿಸುವುದು ಆಗಲೇ.

ಕೋಲು ಊರುವ ಕ್ರಮವನ್ನು ನಾನು ತಡವಾಗಿ ಕಲಿತೆ. ಮೊದಲು ಕಾಲಿಟ್ಟು ಆಮೇಲೆ ಕೋಲು ಊರುತ್ತಿದ್ದೆ, ಅದರಿಂದ ಮಂಡಿಗೆ ಏನೂ ಉಪಯೋಗವಿಲ್ಲ. ದೊಡ್ಡ ಕಲ್ಲಿನಿಂದ ಇಳಿಯುವಾಗ ಎರಡೂ ಕೋಲನ್ನು ಕೆಳಗೆ ಊರಿ, ಅಂಗೈಯನ್ನು ಹಿಡಿಯ ತಲೆಯ ಮೇಲಿಟ್ಟು ಭಾರ ಬಿಟ್ಟು, ನಂತರ ಕಾಲು ಇಳಿಸಬೇಕು. ಆಗ ಸ್ವಲ್ಪ ಭಾರ ತೋಳಿಗೆ ಹೋಗಿ, ಪಾದ ದಪ್ಪನೆ ಬೀಳುವುದಿಲ್ಲ. ತುಂಬಾ ಮುಂದೆ ಊರಿದರೆ ಹೆಗಲು ಎಳೆಯುತ್ತದೆ. ಕಲ್ಲಿನ ಸಂದು ಜಾಸ್ತಿ ಇರುವ ಕಡೆ ಮಣಿಕಟ್ಟಿನ ಪಟ್ಟಿಯಿಂದ ಕೈ ಹೊರಗೆ ತೆಗೆದುಬಿಡಿ. ತುದಿ ಸಿಕ್ಕಿಕೊಂಡಾಗ ಕೋಲು ಬಿಟ್ಟುಬಿಡಲು ಆಗಬೇಕು.

ಎರಡನೇ ವರ್ಷ ಒಂದು ಸಲ ಭಾರ ಹಾಕಿದೊಡನೆ ಎಡಗೈ ಕೋಲು ಸರ್ರನೆ ಒಳಗೆ ಜಾರಿತು. ಪಕ್ಕಕ್ಕೆ ಬಿದ್ದು ಮೊಣಕೈ ತರಚಿತು. ಕ್ಲಿಪ್ಪಿನ ಸ್ಕ್ರೂ ಸಡಿಲವಾಗಿತ್ತು. ಈಗ ಇಳಿಯುವ ಮುಂಚೆ ಒಂದೊಂದು ಕೋಲಿನ ಮೇಲೂ ಮೈಭಾರ ಹಾಕಿ ನೋಡುತ್ತೇನೆ. ಒಂದು ಚೂರು ಜಾರಿದರೂ ಸ್ಕ್ರೂ ಸ್ವಲ್ಪ ಬಿಗಿ ಮಾಡುತ್ತೇನೆ. ಕ್ಲಿಪ್ ಮುಚ್ಚಲು ಹೆಬ್ಬೆರಳಿಗೆ ಸ್ವಲ್ಪ ಕಷ್ಟ ಆಗಬೇಕು, ಅದೇ ಸರಿಯಾದ ಬಿಗಿ. ಕೊಳವೆಯ ಮೇಲೆ ಬರೆದಿರುವ ಕೊನೆಯ ಗುರುತನ್ನು ಮೀರಿ ಎಳೆಯಬೇಡಿ, ಒಳಗೆ ಹಿಡಿತ ಉಳಿಯದೆ ಅಲ್ಲೇ ಬಾಗುತ್ತದೆ. ಮಳೆಯಲ್ಲಿ ನೆನೆದು ಬಂದರೆ ಮೂರೂ ತುಂಡು ಬಿಚ್ಚಿ, ಮಣ್ಣು ಒರೆಸಿ ಒಣಗಿಸಿ. ಸಲೀಸಾಗಲಿ ಎಂದು ಎಣ್ಣೆ ಮಾತ್ರ ಹಚ್ಚಬೇಡಿ, ಲಾಕ್ ಹಿಡಿಯುವುದಿಲ್ಲ.

ಬೇಜಾರಿನ ಸಂಗತಿಯೂ ಇದೆ. ಮಡಚಿದರೂ 65 ಸೆಂಟಿಮೀಟರ್, ಸಣ್ಣ ಬ್ಯಾಗಿನಲ್ಲಿ ಹಿಡಿಸುವುದಿಲ್ಲ. ಕೈ ಊರಿ ಇಳಿಯಬೇಕಾದ ಬಂಡೆಯಲ್ಲಿ ಕೋಲು ಅಡ್ಡವೇ, ಬ್ಯಾಗಿಗೆ ಕಟ್ಟಿಬಿಡುತ್ತೇನೆ. ತುದಿಯ ರಬ್ಬರ್ ಟೋಪಿ ಕೆಸರಿನಲ್ಲಿ ಮೂರು ಸಲ ಕಳೆದುಹೋಯಿತು. ಈಗ ಅದನ್ನು ಬಂಡೆ, ಟಾರು ರಸ್ತೆಗೆ ಮಾತ್ರ ಹಾಕಿ, ಕೆಸರಿನ ದಾರಿಯಲ್ಲಿ ಜೇಬಿನಲ್ಲಿಡುತ್ತೇನೆ.