ಯಾವ ಯಂತ್ರ ಬದಲಿಸಬೇಕು? ಬ್ರೇಕ್‌ಡೌನ್ ರಿಜಿಸ್ಟರನ್ನು ಮೂರು ರೀತಿ ಓದಿ ನೋಡಿದ್ದು

ನಾನು ಆಸ್ಪತ್ರೆಯೊಂದರಲ್ಲಿ ಬಯೋಮೆಡಿಕಲ್ ಇಂಜಿನಿಯರ್. ಹೊಸ ಯಂತ್ರಗಳ ಬೇಡಿಕೆ ಪಟ್ಟಿ ಕಳಿಸುವ ಮೊದಲು ಒಂದೇ ವರ್ಷದ ರಿಜಿಸ್ಟರನ್ನು ಮೂರು ಲೆಕ್ಕದಲ್ಲಿ ಓದಿದೆ. ಮೂರೂ ಬೇರೆ ಬೇರೆ ಯಂತ್ರಗಳತ್ತ ಬೆರಳು ತೋರಿಸಿದವು.

ಮೊದಲನೆಯದು ಕಂಪ್ಲೇಂಟುಗಳ ಎಣಿಕೆ. ಸುಲಭ, ಅರ್ಧ ದಿನದ ಕೆಲಸ. ಪಟ್ಟಿಯ ತಲೆಯಲ್ಲಿ ಬಂದದ್ದು ಪೇಷಂಟ್ ಮಾನಿಟರ್‌ಗಳು. ಆದರೆ ಕಾರಣದ ಕಾಲಂ ನೋಡಿದರೆ ಬಹುಪಾಲು ಆಕ್ಸಿಜನ್ ಪ್ರೋಬಿನ ವೈರ್ ತುಂಡಾದದ್ದು, ಬಿಪಿ ಕಫ್ ಸೋರಿದ್ದು. ಮಾನಿಟರ್ ಬದಲಿಸಿದರೂ ವೈರ್ ಹಾಗೆಯೇ ತುಂಡಾಗುತ್ತದೆ. ಅದಕ್ಕೆ ಬೇಕಿರುವುದು ಸ್ಟೋರಿನಲ್ಲಿ ಹೆಚ್ಚುವರಿ ಪ್ರೋಬ್, ಅಷ್ಟೇ.

ಎರಡನೆಯದು ನಿಂತುಹೋದ ಗಂಟೆಗಳ ಮೊತ್ತ. ಆಡಳಿತದವರಿಗೆ ಇದು ಬೇಗ ಅರ್ಥವಾಗುತ್ತದೆ. ಇಲ್ಲಿ ಎಕ್ಸ್‌ರೇ ಯಂತ್ರ ಎಲ್ಲರನ್ನೂ ಹಿಂದಿಕ್ಕಿತು. ಕೆಟ್ಟದ್ದು ಒಂದೇ ಸಲ. ರಿಪೇರಿಗೆ ಹಿಡಿದದ್ದು ಒಂದು ಮಧ್ಯಾಹ್ನ, ಉಳಿದ ವಾರಗಳೆಲ್ಲ ಕೊಟೇಶನ್ನಿಗೆ, ಮಂಜೂರಾತಿಗೆ, ಬಿಡಿಭಾಗ ಬರುವುದಕ್ಕೆ ಹೋದವು. ಆ ವಿಳಂಬಕ್ಕೆ ಯಂತ್ರ ಹೊಣೆಯಲ್ಲ. ಹಾಗಾಗಿ ಈ ಲೆಕ್ಕ ಮಾಡುವವರು ಕಾದ ಸಮಯಕ್ಕೂ ರಿಪೇರಿಯ ಸಮಯಕ್ಕೂ ಬೇರೆ ಕಾಲಂ ಇಡಲೇಬೇಕು.

ಮೂರನೆಯದು, ಒಂದು ಕೆಡುವಿಕೆಯಿಂದ ಇನ್ನೊಂದಕ್ಕಿರುವ ಅಂತರ. ಇದನ್ನು ಮಾಡೆಲ್ ಲೆಕ್ಕದಲ್ಲಲ್ಲ, ಒಂದೊಂದು ಸೀರಿಯಲ್ ನಂಬರಿಗೂ ಪ್ರತ್ಯೇಕವಾಗಿ ಬರೆಯಬೇಕು. ಬೇಸರದ ಕೆಲಸ, ಆದರೆ ಇದರಿಂದಲೇ ನನಗೆ ಉತ್ತರ ಸಿಕ್ಕಿದ್ದು.

ನಮ್ಮ ಐಸಿಯುನಲ್ಲಿ ಒಂದೇ ಮಾಡೆಲಿನ ಎರಡು ವೆಂಟಿಲೇಟರ್‌ಗಳಿವೆ. ಎರಡರ ಮೇಲೂ ನಾಲ್ಕು ನಾಲ್ಕು ಕಂಪ್ಲೇಂಟ್, ನಿಂತ ಗಂಟೆಗಳೂ ಹೆಚ್ಚುಕಡಿಮೆ ಸಮ. ಮೊದಲಿನದರಲ್ಲಿ ನಾಲ್ಕೂ ಸಲ ಕೆಟ್ಟದ್ದು ಗಾಳಿಯ ಹರಿವು ಅಳೆಯುವ ಫ್ಲೋ ಸೆನ್ಸರ್. ನೆಬ್ಯುಲೈಸೇಶನ್ ಕೊಡುವಾಗ ಔಷಧದ ಹನಿ ಅದರ ತೆಳು ತಂತಿಯ ಮೇಲೆ ಕೂರುತ್ತಿತ್ತು. ಸಿಸ್ಟರ್‌ಗಳ ಜೊತೆ ಕೂತು ಮಾತಾಡಿ, ರೋಗಿ ಬಿಟ್ಟ ಉಸಿರು ಬರುವ ಎಕ್ಸ್‌ಪಿರೇಟರಿ ಕಡೆ ಫಿಲ್ಟರ್ ಹಾಕಿಸಿದ ಮೇಲೆ ಆ ಕಂಪ್ಲೇಂಟ್ ನಿಂತಿತು. ಎರಡನೆಯದು ಏಪ್ರಿಲ್‌ನಲ್ಲಿ ಪವರ್ ಸಪ್ಲೈ, ಸೆಪ್ಟೆಂಬರ್‌ನಲ್ಲಿ ಬ್ಲೋವರ್, ಡಿಸೆಂಬರ್‌ನಲ್ಲಿ ಡಿಸ್‌ಪ್ಲೇ, ಜನವರಿಯಲ್ಲಿ ಮೇನ್ ಬೋರ್ಡ್. ಅಂತರ ಐದು ತಿಂಗಳು, ಮೂರು, ಒಂದು. ಪ್ರತಿ ಸಲವೂ ಬೇರೆ ಭಾಗ. ಒಂದೇ ಭಾಗ ಮತ್ತೆ ಮತ್ತೆ ಹೋದರೆ ಮೊದಲು ಬಳಕೆಯಲ್ಲೋ ಕರೆಂಟಿನಲ್ಲೋ ಕಾರಣ ಹುಡುಕಬೇಕು. ಬೇರೆ ಬೇರೆ ಭಾಗಗಳು ಹತ್ತಿರ ಹತ್ತಿರ ಹೋಗತೊಡಗಿದರೆ, ಬರುವ ಕರೆಂಟ್ ಸರಿಯಿದೆಯೆಂದು ನೋಡಿಕೊಂಡ ಮೇಲೆ, ಯಂತ್ರವೇ ಸವೆದಿದೆ ಎಂದು ನಾನು ತೀರ್ಮಾನಿಸುತ್ತೇನೆ. ಬಳಕೆಯಿಂದ ತೆಗೆದುಹಾಕಬೇಕಾದ ಯಂತ್ರಗಳ ಕಂಡೆಮ್ ಪಟ್ಟಿಗೆ ಎರಡನೆಯದನ್ನೇ ಸೇರಿಸಿದೆ.

ಈ ವಿಧಾನಕ್ಕೂ ಮಿತಿ ಇದೆ. ನಾಲ್ಕೈದು ನಮೂದುಗಳಾದರೂ ಇಲ್ಲದೆ ಅಂತರದಿಂದ ಏನೂ ತಿಳಿಯದು. ವಾರ್ಡಿನವರು ನಂಬಿಕೆ ಕಳೆದುಕೊಂಡು ಮೂಲೆಗೆ ತಳ್ಳಿದ ಯಂತ್ರದ ಮೇಲೆ ಯಾರೂ ಕಂಪ್ಲೇಂಟ್ ಬರೆಯುವುದಿಲ್ಲ, ರಿಜಿಸ್ಟರಿನಲ್ಲಿ ಅದು ಅತ್ಯಂತ ಆರೋಗ್ಯವಂತ. ಆದ್ದರಿಂದ ವರ್ಷವಿಡೀ ಒಂದೂ ನಮೂದಿಲ್ಲದ ಯಂತ್ರಗಳ ಪಟ್ಟಿ ಬೇರೆ ಮಾಡಿಕೊಂಡು, ವಾರ್ಡಿಗೆ ಹೋಗಿ, ಎಷ್ಟು ಗಂಟೆ ಓಡಿವೆ ಎಂದು ತೋರಿಸುವ ಅವುಗಳ ಅವರ್ ಮೀಟರ್ ಓದಿ ಬರುತ್ತೇನೆ.